ಎರಡು ಎಸಿ, ಎರಡು ಲೇಬಲ್: ಯಾವುದರ ಬಿಲ್ ಎಷ್ಟು?

ದಾವಣಗೆರೆಯ ಅಂಗಡಿಯಲ್ಲಿ ಎರಡು ಒಂದೂವರೆ ಟನ್ ಎಸಿಗಳ ಸ್ಟಾರ್ ಲೇಬಲ್ ಫೋಟೋ ತೆಗೆದುಕೊಂಡಿದ್ದೀರಿ ಎನ್ನೋಣ. ಸ್ಟಾರ್ ಎಣಿಸಬೇಡಿ; ಅದರ ಮಾನದಂಡ ಆಗಾಗ ಬಿಗಿಯಾಗುತ್ತದೆ, ಹಳೆ ಸ್ಟಾಕಿನ ಐದು ಸ್ಟಾರ್ ಹೊಸದಕ್ಕೆ ಸಮವಲ್ಲ. ಫೋಟೋ ಹಿಗ್ಗಿಸಿ ವರ್ಷದ ಯೂನಿಟ್ ಓದಿ. ಮೊದಲನೆಯದರಲ್ಲಿ 1000, ಎರಡನೆಯದರಲ್ಲಿ 768 ಇದೆ ಎಂದಿಟ್ಟುಕೊಳ್ಳಿ.

ಲೇಬಲ್‌ನ ಈ ಲೆಕ್ಕ ವರ್ಷಕ್ಕೆ 1600 ಗಂಟೆ ಎಸಿ ಓಡಿಸಿದರೆ ಆಗುವುದು. ನೀವು ಬೇಸಿಗೆಯ 100 ರಾತ್ರಿ ಎಂಟೆಂಟು ಗಂಟೆ ಹಾಕಿದರೆ 800 ಗಂಟೆ, ಅಂದರೆ ಅರ್ಧ: 500 ಮತ್ತು 384 ಯೂನಿಟ್. ಯೂನಿಟ್‌ಗೆ ₹7 ಹಿಡಿದರೆ ವರ್ಷಕ್ಕೆ ₹3500 ಮತ್ತು ₹2688. ವ್ಯತ್ಯಾಸ ₹812 ಮಾತ್ರ. ಎರಡನೆಯದು ₹8000 ದುಬಾರಿಯಾದರೆ ಆ ಹಣ ವಾಪಸ್ ಬರಲು ಹತ್ತು ವರ್ಷ ಬೇಕು, ಹಾಗಾಗಿ ಮೊದಲನೆಯದೇ ಸಾಕು ಅನಿಸುತ್ತದೆ.

ಆದರೆ ಗೃಹಜ್ಯೋತಿ ಇರುವ ಮನೆಯ ಲೆಕ್ಕವೇ ಬೇರೆ. ಏಪ್ರಿಲ್‌ನ 240 ಗಂಟೆಗೆ ಮೊದಲನೆಯದು 150 ಯೂನಿಟ್ ಎಳೆದರೆ ಎರಡನೆಯದು ಸುಮಾರು 115. ಮನೆಯ ಉಳಿದ ಬಳಕೆ 75 ಇದ್ದರೆ ಒಟ್ಟು 225 ಅಥವಾ 190. ಇನ್ನೂರು ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ದಾಟದಿದ್ದರೆ ನಿಮ್ಮ ಉಚಿತ ಮಿತಿಗಿಂತ ಹೆಚ್ಚಾದದ್ದಕ್ಕಷ್ಟೇ. ಇಂಥ ಮನೆಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಕೊಳ್ಳುವ ಮೊದಲು ಕಳೆದ ಏಪ್ರಿಲ್‌ನ ಬೆಸ್ಕಾಂ ಬಿಲ್ ತೆಗೆದು ನೋಡಿ.