ಟಿವಿ ಮುಖಪುಟದ ಸಲಹೆಗಳು: ಎರಡು ವರ್ಷ ಬಳಸಿದ ಮೇಲಿನ ವಿಮರ್ಶೆ

ಎರಡು ವರ್ಷಗಳಿಂದ ನಮ್ಮ ಮನೆಯಲ್ಲಿರುವ ಸ್ಮಾರ್ಟ್ ಟಿವಿಯ ಚಿತ್ರ ಮತ್ತು ಧ್ವನಿ ಕೊಟ್ಟ ಹಣಕ್ಕೆ ತಕ್ಕಂತಿವೆ, ಆ ವಿಚಾರದಲ್ಲಿ ನನಗೆ ದೂರಿಲ್ಲ. ಈ ವಿಮರ್ಶೆ ಅದರ ಮುಖಪುಟಕ್ಕೆ ಸಂಬಂಧಿಸಿದ್ದು. ಆನ್ ಮಾಡಿದ ಕೂಡಲೇ ಎದುರಾಗುವ ಆ ಪುಟದಲ್ಲಿ ನಮ್ಮ ಅಭಿರುಚಿ ನೋಡಿ ಕೊಟ್ಟ ಸಲಹೆ ಯಾವುದು, ಯಾರೋ ಹಣ ಕೊಟ್ಟು ಪಡೆದ ಜಾಗ ಯಾವುದು ಎಂದು ತಿಳಿಯುವುದು ಸುಲಭವಲ್ಲ. ತಯಾರಕರ ಹೆಸರು ಇಲ್ಲಿ ಬೇಡ, ಏಕೆಂದರೆ ಮುಂದೆ ಹೇಳುವ ಬಹುಪಾಲು ಸಂಗತಿ ಇಂದು ಮಾರಾಟವಾಗುವ ಹೆಚ್ಚಿನ ಟಿವಿಗಳಿಗೂ ಟಿವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್‌ಗಳಿಗೂ ಅನ್ವಯಿಸುತ್ತದೆ.

ಗುರುತು ಹಚ್ಚಲು ಅತಿ ಸುಲಭವಾದದ್ದು ಮೇಲ್ಭಾಗದ ದೊಡ್ಡ ಫಲಕ. ನಮ್ಮ ಟಿವಿಯಲ್ಲಿ ಅದು ಪರದೆಯ ಅರ್ಧಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಚಿತ್ರದ ಹೆಸರಿನ ಕೆಳಗೆ ವಿವರಣೆಯ ಸಾಲು ಆರಂಭವಾಗುವ ಕಡೆ ಬೂದುಬಣ್ಣದ ಸಣ್ಣ ಅಕ್ಷರಗಳಲ್ಲಿ Sponsored ಎಂದಿರುತ್ತದೆ. ಸೋಫಾದ ಮೇಲೆ ಕುಳಿತವರಿಗೆ ಆ ಅಕ್ಷರ ಓದಲು ಸಿಗುವುದಿಲ್ಲ, ಮತ್ತು ರಿಮೋಟ್ ಒತ್ತದೆ ಸ್ವಲ್ಪ ಹೊತ್ತು ಬಿಟ್ಟರೆ ಟ್ರೈಲರ್ ತಾನಾಗಿ ಆರಂಭವಾಗಿ ವಿವರಣೆಯ ಜೊತೆಗೆ ಆ ಗುರುತೂ ಮರೆಯಾಗುತ್ತದೆ. ಇಷ್ಟಾದರೂ ಹೊರಗಿನವರು ಹಣ ಕೊಟ್ಟ ಜಾಹೀರಾತಿಗೆ ಒಂದು ಗುರುತಾದರೂ ಇದೆ ಎನ್ನುವುದನ್ನು ಒಪ್ಪಬೇಕು.

ಹೆಚ್ಚು ತೊಡಕಿರುವುದು ಗುರುತೇ ಇಲ್ಲದ ಸಾಲುಗಳಲ್ಲಿ. ಒಟಿಟಿ ಸಂಸ್ಥೆಯೊಂದು ತಾನೇ ನಿರ್ಮಿಸಿದ ಸರಣಿಯನ್ನು ತನ್ನದೇ ಆ್ಯಪ್‌ನ ಮೊದಲ ಸಾಲಿನಲ್ಲಿ ಕೂರಿಸಿದಾಗ ಬೇರೆಯವರ ಹಣ ಅಲ್ಲಿ ಕೈಬದಲಾಗಿರುವುದಿಲ್ಲ, ಆದ್ದರಿಂದ Sponsored ಎಂಬ ಪದವೂ ಕಾಣುವುದಿಲ್ಲ. ಹಾಗೆಂದು ಅದು ನನ್ನ ಅಭಿರುಚಿ ಅರಿತು ಕೊಟ್ಟ ಸಲಹೆಯೂ ಅಲ್ಲ, ಆ ಸಂಸ್ಥೆ ಆ ವಾರ ಓಡಿಸಬೇಕೆಂದುಕೊಂಡ ಸರಕು ಮಾತ್ರ. ಭಾರತದಲ್ಲಿ 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಪ್ರಕಟಿಸಿದ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿಮಾಡಿದೆ, ಅವುಗಳಲ್ಲಿ ಬೇರೆ ವೇಷ ತೊಟ್ಟ ಜಾಹೀರಾತೂ ಒಂದು. ಆದರೆ ಸಂಸ್ಥೆ ತನ್ನ ಸರಕನ್ನು ತಾನೇ ಮುಂದಿಡುವುದನ್ನು ವೀಕ್ಷಕರು ಜಾಹೀರಾತೆಂದು ಭಾವಿಸುವುದೇ ಅಪರೂಪ. ನನ್ನ ದೃಷ್ಟಿಯಲ್ಲಿ ಹಣ ಪಡೆದು ಗುರುತು ಹಾಕಿದ ಫಲಕಕ್ಕಿಂತ ಹೆಚ್ಚು ದಾರಿತಪ್ಪಿಸುವುದು ಇದೇ.

ಸಲಹೆಯನ್ನೂ ಪ್ರಚಾರವನ್ನೂ ಬೇರ್ಪಡಿಸಲು ನಾನು ಹಿಡಿದ ದಾರಿ ಸರಳವಾಗಿದೆ. ಸೆಟ್ಟಿಂಗ್ಸ್‌ನಲ್ಲಿ ಹೊಸದೊಂದು ಪ್ರೊಫೈಲ್ ಮಾಡಿ, ಅದರಲ್ಲಿ ಏನನ್ನೂ ನೋಡದೆ, ಇಷ್ಟದ ಕಥಾಪ್ರಕಾರ ಯಾವುದೆಂಬ ಆರಂಭದ ಪ್ರಶ್ನೆಗಳನ್ನೂ ಸಾಧ್ಯವಾದಷ್ಟು ದಾಟಿಸಿ ಖಾಲಿ ಬಿಟ್ಟೆ. ನನ್ನ ಪ್ರೊಫೈಲ್‌ನಲ್ಲಿ ಪತ್ತೇದಾರಿ ಕಥೆಗಳೂ ಹಳೆಯ ಕಪ್ಪುಬಿಳುಪು ಕನ್ನಡ ಚಿತ್ರಗಳೂ ತುಂಬಿವೆ. ಒಂದೇ ಸಂಜೆ ಎರಡರ ಮುಖಪುಟವನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದು ಪಕ್ಕಪಕ್ಕ ಇಟ್ಟು ನೋಡಿದಾಗ, ಮೇಲಿನ ಫಲಕದಲ್ಲಿ ಸರದಿಯಂತೆ ಬರುವ ಚಿತ್ರಗಳು ಎರಡರಲ್ಲೂ ಅವೇ ಆಗಿದ್ದವು. ಅದರ ಕೆಳಗಿನ ಜನಪ್ರಿಯ ಚಿತ್ರಗಳ ಸಾಲೂ ಹಾಗೆಯೇ ಇತ್ತು, ಆದರೆ ಅದರಲ್ಲಿ ತಪ್ಪೇನಿಲ್ಲ, ಏಕೆಂದರೆ ಊರೆಲ್ಲ ನೋಡುತ್ತಿರುವುದನ್ನು ತೋರಿಸುತ್ತೇವೆಂದು ಆ ಸಾಲಿನ ಶೀರ್ಷಿಕೆಯೇ ಹೇಳುತ್ತದೆ. ‘ನಿಮಗಾಗಿ’ ಎಂಬ ಅರ್ಥದ ಶೀರ್ಷಿಕೆಯಿದ್ದ ಸಾಲು ಮಾತ್ರ ಕುತೂಹಲ ಹುಟ್ಟಿಸಿತು. ನನ್ನ ಪ್ರೊಫೈಲ್‌ನಲ್ಲಿ ಅಲ್ಲಿ ಮಲಯಾಳಂ ಪತ್ತೇದಾರಿ ಚಿತ್ರಗಳಿದ್ದವು, ಖಾಲಿ ಪ್ರೊಫೈಲ್‌ನಲ್ಲಿ ಇರಲಿಲ್ಲ. ಅಷ್ಟರ ಮಟ್ಟಿಗೆ ಆ ಸಾಲು ನಿಜವಾಗಿಯೂ ನನ್ನದು. ಆದರೆ ಮೂರನೆಯ ಚೌಕದಲ್ಲಿ ಎರಡು ಕಡೆಯೂ ಒಂದೇ ಪ್ರೇಮಕಥೆಯ ಸರಣಿ ಕುಳಿತಿತ್ತು. ಅದು ನಾವು ಚಂದಾ ಕೊಡದ ಆ್ಯಪ್‌ನದು, ಆ ವಾರವಷ್ಟೇ ಬಿಡುಗಡೆಯಾದದ್ದು, ಮತ್ತು ಆ ಪ್ರಕಾರವನ್ನು ನಾನು ಎಂದೂ ತೆರೆದವನಲ್ಲ. ಬಿಡುಗಡೆಯ ಗದ್ದಲ ಮುಗಿದ ಮೇಲೆ ಎರಡೂ ಕಡೆಯಿಂದ ಒಟ್ಟಿಗೇ ಮಾಯವಾಯಿತು. ಇಡೀ ಸಾಲನ್ನು ನಂಬುವುದಕ್ಕಿಂತ ಚೌಕ ಚೌಕವಾಗಿ ನೋಡಬೇಕೆಂಬುದು ನನಗೆ ಖಚಿತವಾದದ್ದು ಆಗಲೇ.

ಈ ಪರೀಕ್ಷೆಗೂ ಮಿತಿಯಿದೆ. ಜಾಹೀರಾತುಗಳನ್ನೂ ನಮ್ಮ ಬಳಕೆಯನ್ನು ಆಧರಿಸಿ ಗುರಿಯಿಟ್ಟು ತೋರಿಸುವುದರಿಂದ, ಎರಡು ಪ್ರೊಫೈಲ್‌ಗಳಲ್ಲಿ ಬೇರೆ ಬೇರೆ ಕಂಡದ್ದೆಲ್ಲ ಶುದ್ಧ ಸಲಹೆ ಎನ್ನುವಂತಿಲ್ಲ. ಎರಡರಲ್ಲೂ ಒಂದೇ ಆಗಿ ಕಂಡದ್ದು ನನ್ನೊಬ್ಬನಿಗಾಗಿ ಆರಿಸಿದ್ದಲ್ಲ ಎಂದಷ್ಟೇ ಇದರಿಂದ ಧೈರ್ಯವಾಗಿ ಹೇಳಬಹುದು. ಉಳಿದದ್ದಕ್ಕೆ ಕಾರಣ ಕೇಳಬೇಕು. ನೆಟ್‌ಫ್ಲಿಕ್ಸ್‌ನಲ್ಲಿ ಇಂಥದ್ದನ್ನು ನೋಡಿದ್ದರಿಂದ ಇದು ಎಂದು ಹೇಳುವ Because you watched ಎಂಬ ಸಾಲಿದೆ, ಮತ್ತು ಆ ಕಾರಣವನ್ನು ನಾವೇ ಪರೀಕ್ಷಿಸಬಹುದು. ಬ್ರೌಸರ್‌ನಲ್ಲಿ ಖಾತೆ ತೆರೆದು Viewing activity ಪುಟದಲ್ಲಿ ಆ ಚಿತ್ರವನ್ನು ಮರೆಮಾಡಿದರೆ, 24 ಗಂಟೆಗಳ ಒಳಗೆ ಅದು ನೋಡಿದ ಪಟ್ಟಿಯಿಂದ ಹೋಗುತ್ತದೆ ಮತ್ತು ಸಲಹೆಗಳಿಗೆ ಆಧಾರವಾಗುವುದಿಲ್ಲ. ಮನೆಗೆ ಬಂದ ನೆಂಟರ ಮಕ್ಕಳು ನನ್ನ ಪ್ರೊಫೈಲ್‌ನಲ್ಲಿ ನೋಡಿದ ಕಾರ್ಟೂನನ್ನು ಹೀಗೆ ತೆಗೆದ ಮೇಲೆ ಅದರ ಹೆಸರಿನ ಸಾಲು ಮತ್ತೆ ಕಾಣಿಸಲಿಲ್ಲ. ಕಾರಣ ತೆಗೆದರೆ ಬಿದ್ದುಹೋಗುವುದು ಸಲಹೆ. ಹಾಗೆ ತೆಗೆದರೂ ಅಲುಗಾಡದೆ ಅದೇ ಜಾಗದಲ್ಲಿರುವುದನ್ನು ನಾನು ಪ್ರಚಾರದ ಲೆಕ್ಕಕ್ಕೆ ಹಾಕುತ್ತೇನೆ.

ಕನ್ನಡ ನೋಡುವವರಿಗೆ ಇನ್ನೊಂದು ಗೊಂದಲ. ಭಾಷೆಯ ಆದ್ಯತೆಯಲ್ಲಿ ಕನ್ನಡ ಆರಿಸಿದ ಬಳಿಕ ನಮ್ಮ ಮುಖಪುಟದಲ್ಲಿ ಕನ್ನಡದ ಸಾಲೊಂದು ಬಂತು ನಿಜ, ಆದರೆ ಅದರ ಅರ್ಧ ಭಾಗ ತೆಲುಗು, ತಮಿಳಿನಿಂದ ಡಬ್ ಆದ ಹೊಸ ಬಿಡುಗಡೆಗಳು. ಇದು ಪ್ರಚಾರವೋ, ಆ್ಯಪ್‌ಗಳಲ್ಲಿ ನೇರ ಕನ್ನಡ ಚಿತ್ರಗಳು ಕಡಿಮೆಯಿರುವುದರ ಫಲವೋ ಎಂದು ಸಾಲು ನೋಡಿ ಹೇಳಲಾಗದು. ಅಂಥ ಡಬ್ ಚಿತ್ರವೊಂದು ಮೇಲಿನ ಫಲಕದಲ್ಲೂ ಇದ್ದರೆ ಮೊದಲನೆಯದು, ಇಲ್ಲದಿದ್ದರೆ ಎರಡನೆಯದು ಎಂದು ನಾನು ಅಂದಾಜು ಮಾಡುತ್ತೇನೆ. ಪ್ರೈಮ್ ವಿಡಿಯೊದಲ್ಲಿ ಬಾಡಿಗೆಗೆ ಅಥವಾ ಖರೀದಿಗೆ ಇರುವ ಚಿತ್ರಗಳಿಗೆ ಹಳದಿ ಚೀಲದ ಗುರುತು ಇರುವುದು ಉಪಯುಕ್ತ, ಆದರೆ ಅದು ಹೇಳುವುದು ಬೆಲೆಯ ವಿಚಾರವನ್ನು. ಆ ಚಿತ್ರ ಅಲ್ಲಿಗೆ ಹೇಗೆ ಬಂತು ಎಂಬುದನ್ನಲ್ಲ.

ಸೆಟ್ಟಿಂಗ್ಸ್‌ನಿಂದ ಎಷ್ಟು ಸರಿಪಡಿಸಬಹುದು ಎಂದು ಕೇಳುವವರಿಗೆ ನನ್ನ ಉತ್ತರ ಅಷ್ಟು ಸಮಾಧಾನಕರವಲ್ಲ. ಫೈರ್ ಟಿವಿಯಲ್ಲಿ Preferences ಒಳಗಿನ Featured Content ಎಂಬಲ್ಲಿ ವಿಡಿಯೊ ಮತ್ತು ಧ್ವನಿ ತಾನಾಗಿ ಆರಂಭವಾಗುವುದನ್ನು ನಿಲ್ಲಿಸಬಹುದು. ಫಲಕ ಹೋಗುವುದಿಲ್ಲ, ಗದ್ದಲ ಮಾತ್ರ ನಿಲ್ಲುತ್ತದೆ. Privacy Settings ಒಳಗೆ Interest-based Ads ಆಫ್ ಮಾಡಿದರೆ, ಅಥವಾ ಗೂಗಲ್ ಟಿವಿಯಲ್ಲಿ ಜಾಹೀರಾತು ಐಡಿಯನ್ನು ಅಳಿಸಿದರೆ, ಜಾಹೀರಾತುಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಅವು ನಮ್ಮ ಅಭ್ಯಾಸಕ್ಕೆ ಹೊಂದುವುದು ಮಾತ್ರ ತಪ್ಪುತ್ತದೆ. ನನಗೆ ಇದೇ ಇಷ್ಟ, ಏಕೆಂದರೆ ನನಗೆ ಸಂಬಂಧವೇ ಇಲ್ಲದ ಜಾಹೀರಾತು ಸಲಹೆಯ ವೇಷದಲ್ಲಿ ಬಂದರೂ ಕಣ್ಣಿಗೆ ಬೇಗ ಬೀಳುತ್ತದೆ. ಗೂಗಲ್ ಟಿವಿಯ Apps only mode ಇನ್ನೂ ವಿಚಿತ್ರ: ಅದನ್ನು ಆರಿಸಿದರೆ ವೈಯಕ್ತಿಕ ಸಲಹೆಗಳೆಲ್ಲ ಹೋಗಿ ಆ್ಯಪ್‌ಗಳ ಸಾಲು ಉಳಿಯುತ್ತದೆ, ಜೊತೆಗೆ ಮೇಲಿನ ಪ್ರಚಾರದ ಫಲಕವೂ ಉಳಿಯುತ್ತದೆ. ಬೇಕಾದದ್ದನ್ನು ತೆಗೆದು ಬೇಡದ್ದನ್ನು ಉಳಿಸುವ ಈ ಸೌಲಭ್ಯ ಯಾರ ಅನುಕೂಲಕ್ಕೋ ತಿಳಿಯದು.

ಟಿವಿಗೆ ಐದರಲ್ಲಿ ನಾಲ್ಕು ಅಂಕ, ಮುಖಪುಟಕ್ಕೆ ಎರಡು. ‘ನಿಮಗಾಗಿ’ ಸಾಲಿನ ಪ್ರತಿ ಚೌಕದ ಕೆಳಗೆ ಅದು ಅಲ್ಲಿರುವ ಕಾರಣವನ್ನು, ಕುಳಿತಲ್ಲಿಂದಲೇ ಓದುವಷ್ಟು ದೊಡ್ಡ ಅಕ್ಷರದಲ್ಲಿ ಬರೆದರೆ ಇನ್ನೊಂದು ಅಂಕ ಕೊಡಲು ಸಿದ್ಧನಿದ್ದೇನೆ. ಸದ್ಯಕ್ಕೆ ನಾವು ಫಲಕವನ್ನು ದಾಟಿ ನೇರವಾಗಿ ಆ್ಯಪ್ ತೆರೆಯುತ್ತೇವೆ, ಮತ್ತು ನೋಡಬೇಕೆಂದುಕೊಂಡ ಚಿತ್ರಗಳನ್ನು ಮೊದಲೇ ಆ್ಯಪ್‌ನ ಪಟ್ಟಿಗೆ ಸೇರಿಸಿ ಇಟ್ಟುಕೊಳ್ಳುತ್ತೇವೆ.