ಮೂರು ಪೈಪು ವಾಪಸ್, ಎರಡಕ್ಕೆ ಬೆಲೆ ಕಡಿತ: ಲೆಕ್ಕಕ್ಕೆ ಬರೆಯುವ ಮೂರು ದಾರಿ

ಬಿಲ್ಲಿನ ಸರಕೆಲ್ಲ ವಾಪಸ್ ಬಂದರೆ ತೊಂದರೆಯಿಲ್ಲ. ಸ್ವಲ್ಪ ಸರಕು ಬಂದು, ಉಳಿದದ್ದಕ್ಕೆ ಸ್ವಲ್ಪ ದುಡ್ಡು ಬಿಟ್ಟುಕೊಟ್ಟಾಗಲೇ ಖಾತೆಗೂ ಗೋದಾಮಿಗೂ ತಾಳ ತಪ್ಪುವುದು. ಮಂಡ್ಯದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಚಾಲ್ತಿಯಲ್ಲಿರುವ ಮೂರು ವಿಧಾನಗಳನ್ನು ಟ್ಯಾಲಿ ಪ್ರೈಮ್‌ನಲ್ಲಿ ಪರೀಕ್ಷೆಗೆಂದೇ ಬೇರೆ ಕಂಪನಿ ತೆರೆದು, ಒಂದೇ ಬಿಲ್ಲಿನ ಮೇಲೆ ಹಾಕಿ ನೋಡಿದೆವು.

ಬಿಲ್ಲು ಇಷ್ಟು. ಗೋದಾಮಿನಲ್ಲಿ 100 ಪಿವಿಸಿ ಪೈಪು, ಖರೀದಿ ಬೆಲೆ ತಲಾ 400. ಮದ್ದೂರಿನ ಜಿಎಸ್‌ಟಿ ನೋಂದಣಿ ಇರುವ ಗುತ್ತಿಗೆದಾರರಿಗೆ ಜೂನ್ 28ರಂದು 20 ಪೈಪು, ತಲಾ 500ರಂತೆ 10,000. ಶೇ 18 ತೆರಿಗೆ ಸೇರಿ 11,800 ರೂಪಾಯಿ, ಪೂರ್ತಿ ಪಾವತಿಯಾಗಿದೆ. ಜುಲೈ 14ರಂದು ಮೂರು ಪೈಪು ವಾಪಸ್ ಬಂದವು, ಅದರಲ್ಲಿ ಒಂದು ಸೀಳಿದೆ. ಅವರಲ್ಲೇ ಉಳಿದ 17ರಲ್ಲಿ ಎರಡರ ತುದಿ ಜಜ್ಜಿದ್ದರೂ ಅವರೇ ಇಟ್ಟುಕೊಂಡರು, ಆ ಎರಡಕ್ಕೆ ತಲಾ 50 ಕಡಿತ. ಅಂದರೆ 1,600ಕ್ಕೆ 288 ತೆರಿಗೆ ಸೇರಿ ಕೊಡಬೇಕಾದದ್ದು 1,888.

ಮೊದಲ ದಾರಿ, ಹಳೆಯ ಬಿಲ್ಲನ್ನೇ ತೆರೆದು ತಿದ್ದುವುದು. 15 ಪೈಪು 500ರಂತೆ, 2 ಪೈಪು 450ರಂತೆ ಮಾಡಿದರೆ ಬಿಲ್ಲು 9,912ಕ್ಕೆ ಇಳಿಯುತ್ತದೆ, ಸ್ಟಾಕ್ 83 ಆಗುತ್ತದೆ, ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಅದಕ್ಕೇ ಇದು ಅಪಾಯಕಾರಿ. ಜೂನ್ ತಿಂಗಳ ಜಿಎಸ್‌ಟಿಆರ್-1 ಜುಲೈ 11ರೊಳಗೆ ಹೋಗಿರುತ್ತದೆ; ಪೋರ್ಟಲ್‌ನಲ್ಲೂ ಗಿರಾಕಿಯ ಕೈಯಲ್ಲೂ 11,800ರ ಬಿಲ್ಲೇ ಇರುತ್ತದೆ. ಜೂನ್ 30ರ ಸ್ಟಾಕ್ ಪಟ್ಟಿ 83 ಅನ್ನುತ್ತದೆ, ಅವತ್ತು ಗೋದಾಮಿನಲ್ಲಿ ಇದ್ದದ್ದು 80. ಬಿಲ್ಲು ಇನ್ನೂ ಗಿರಾಕಿಯ ಕೈ ಸೇರದಿದ್ದಾಗ ಮಾತ್ರ ಈ ದಾರಿ ಸರಿ.

ಎರಡನೆಯದು, ಯುಪಿಐನಲ್ಲಿ 1,888 ವಾಪಸ್ ಹಾಕಿ ಬರೀ ಪೇಮೆಂಟ್ ವೋಚರ್ ಬರೆಯುವುದು. ಆಗ ಗಿರಾಕಿಯೇ ನಮಗೆ 1,888 ಕೊಡಬೇಕು ಎಂದು ಲೆಡ್ಜರ್ ತೋರಿಸುತ್ತದೆ. ಅದನ್ನು ಅಳಿಸಲು ಡಿಸ್ಕೌಂಟ್ ಖಾತೆಗೆ ತಳ್ಳಿದರೆ ಕಡಿಮೆಯಾಗಬೇಕಿದ್ದ 288 ತೆರಿಗೆ ನಮ್ಮ ಕೈಯಿಂದಲೇ ಹೋಗುತ್ತದೆ, ಪುಸ್ತಕದಲ್ಲಿ ಸ್ಟಾಕ್ 80ರಲ್ಲೇ ನಿಲ್ಲುತ್ತದೆ. ಆ ಮೂರು ಪೈಪುಗಳನ್ನು ಕೆಲವರು 500ರಂತೆ ಖರೀದಿ ಎಂದು ಹತ್ತಿಸುತ್ತಾರೆ. ಆಗ ಎಣಿಕೆ ಕೂಡಿಬಂದರೂ ಸರಾಸರಿ ಬೆಲೆ 400ಕ್ಕಿಂತ ಮೇಲೇರಿ, ಮುಂದಿನ ಪ್ರತಿ ಮಾರಾಟದ ಲಾಭ ತಪ್ಪಾಗುತ್ತದೆ. ಮೂರರಲ್ಲಿ ಇದೇ ಕೆಟ್ಟದ್ದು.

ನಾವು ಒಪ್ಪುವುದು ಮೂರನೆಯದನ್ನು: ಕ್ರೆಡಿಟ್ ನೋಟ್, ಅದೂ ಒಂದಲ್ಲ, ಎರಡು. `Alt+F6` ಒತ್ತಿ ಮೊದಲನೆಯದರಲ್ಲಿ ಐಟಂ ಸಮೇತ 3 ಪೈಪು, ತಲಾ 500, ತೆರಿಗೆ ಸೇರಿ 1,770 ಬರೆಯಿರಿ. ಮೂಲ ಬಿಲ್ಲಿನ ನಂಬರು, ದಿನಾಂಕ ಬಿಡಬೇಡಿ. ಎರಡು ಪೈಪು ಮುಖ್ಯ ಗೋದಾಮಿಗೆ, ಸೀಳಿದ್ದು ‘ಡ್ಯಾಮೇಜ್’ ಎಂಬ ಬೇರೆ ಗೋದಾಮಿಗೆ ಹೋಗಲಿ; ಇಲ್ಲದಿದ್ದರೆ ನಾಳೆ ಅದನ್ನೇ ಇನ್ನೊಬ್ಬರಿಗೆ ಬಿಲ್ ಮಾಡಿಬಿಡುತ್ತೀರಿ. ಪೈಪು ಕಂಪನಿಯವರು ಬದಲಿಸಿ ಕೊಡದೆ ಅದನ್ನು ಲೆಕ್ಕದಿಂದ ತೆಗೆಯಬೇಕಾಗಿ ಬಂದರೆ, ಅದರ ಖರೀದಿಯ ಮೇಲೆ ಪಡೆದ ಇನ್‌ಪುಟ್ ತೆರಿಗೆ 72 ರೂಪಾಯಿಯನ್ನೂ ಹಿಂತಿರುಗಿಸಬೇಕು.

ಹೆಚ್ಚು ಜನ ಎಡವುವುದು ಎರಡನೆಯ ನೋಟಿನಲ್ಲಿ. ಬೆಲೆ ಕಡಿತವನ್ನೂ ಐಟಂ ಸಾಲಿನಲ್ಲಿ ‘2 ಪೈಪು, 50ರಂತೆ’ ಎಂದು ಹಾಕಿದರೆ ಬಾರದ ಎರಡು ಪೈಪು ಸ್ಟಾಕಿಗೆ ಸೇರಿ 85 ಆಗುತ್ತದೆ. `Ctrl+H` ಒತ್ತಿ `Accounting Invoice` ಆರಿಸಿ, ಐಟಂ ಇಲ್ಲದೆ ಮಾರಾಟ ಖಾತೆಗೆ 100, ತೆರಿಗೆ 18 ಬರೆಯಿರಿ. ಕಾರಣದಲ್ಲಿ ಸರಕಿನ ದೋಷವನ್ನು ಸ್ಪಷ್ಟವಾಗಿ ಹೇಳಿ. ಬರೀ ರಿಯಾಯಿತಿ ಎಂದು ಬರೆದರೆ ತೆರಿಗೆ ಇಳಿಸಿಕೊಳ್ಳುವುದಕ್ಕೆ ತಕರಾರು ಬರಬಹುದು.

ಆಮೇಲೆ ಪೇಮೆಂಟ್ ವೋಚರ್: 1,888, `Agst Ref`ನಲ್ಲಿ ಎರಡೂ ನೋಟುಗಳನ್ನು ಆರಿಸಿ. ಮುಂದಿನ ಬಿಲ್ಲಿಗೆ ವಜಾ ಮಾಡುವುದಾದರೆ ಈ ವೋಚರ್ ಬೇಡ, ಗಿರಾಕಿಯ ಹೆಸರಿನಲ್ಲಿ ಜಮೆಯಾಗಿಯೇ ಇರಲಿ. ನೋಟುಗಳು ಜುಲೈ ತಿಂಗಳ ಜಿಎಸ್‌ಟಿಆರ್-1ರ 9ಬಿ ಕೋಷ್ಟಕಕ್ಕೆ ಹೋಗುತ್ತವೆ. ಗುತ್ತಿಗೆದಾರರು ಆ 288ರ ಇನ್‌ಪುಟ್ ಪಡೆದಿದ್ದರೆ ಹಿಂತಿರುಗಿಸಬೇಕು, ಅವರಿಗೆ ಪ್ರತಿ ಕಳಿಸಿ. ತೆರಿಗೆ ಇಳಿಸಿಕೊಳ್ಳಲು ಕೊನೆಯ ಗಡುವು ಆರ್ಥಿಕ ವರ್ಷ ಮುಗಿದ ಮೇಲಿನ ನವೆಂಬರ್ 30, ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಹಾಕಿದರೆ ಆ ದಿನವೇ.

ಸರಿಯಾಗಿದ್ದರೆ ಗಿರಾಕಿಯ ಲೆಡ್ಜರ್ ಸೊನ್ನೆ, ನಿವ್ವಳ ಮಾರಾಟ 8,400, ತೆರಿಗೆ 1,512, ಮುಖ್ಯ ಗೋದಾಮಿನಲ್ಲಿ 82, ಡ್ಯಾಮೇಜ್‌ನಲ್ಲಿ 1. ಸ್ಟಾಕ್ 85 ಕಂಡರೆ ನೇರವಾಗಿ ಎರಡನೆಯ ನೋಟನ್ನು ತೆರೆದು ನೋಡಿ.