ಮೊಡವೆಯ ಫೋಟೋ: ಕಾಯಬಹುದಾದದ್ದು, ಕಾಯಬಾರದ್ದು

ಕಾಸರಗೋಡು ಬಳಿಯ ಕುಂಬಳೆಯಿಂದ ಅಕ್ಕನ ಮಗ ಕಳುಹಿಸಿದ ಎರಡು ಫೋಟೋಗಳಲ್ಲಿ, ಎದುರಿನಿಂದ ಫ್ಲ್ಯಾಷ್ ಹಾಕಿ ತೆಗೆದದ್ದರಲ್ಲಿ ಕೆನ್ನೆ ನುಣುಪಾಗಿ ಕಂಡಿತು. ಕಿಟಕಿಯ ಬೆಳಕು ಪಕ್ಕದಿಂದ ಬಿದ್ದದ್ದರಲ್ಲಿ ದವಡೆಯ ಬಳಿ ಎರಡು ಗಡ್ಡೆಗಳೂ ಅವುಗಳ ಸುತ್ತ ಸಣ್ಣ ಕುಳಿಗಳೂ ನೆರಳಿನಿಂದ ಎದ್ದು ಕಂಡವು.

ಅವನ ಮೂಗಿನ ಬ್ಲ್ಯಾಕ್‌ಹೆಡ್‌ಗಳು ಚಿಂತೆಯ ವಿಷಯವಲ್ಲ. ಆ ಕಪ್ಪು ಕೊಳೆಯಲ್ಲ, ಹಿಂಡದಿದ್ದರೆ ಅವು ಕಲೆ ಉಳಿಸುವುದು ಅಪರೂಪ.

ನಿಜವಾದ ಆಯ್ಕೆ ಇರುವುದು ಕೆಂಪು ಮೊಡವೆ ಮತ್ತು ಗಡ್ಡೆಯ ನಡುವೆ. ತುದಿಯಲ್ಲಿ ಕೀವಿರುವ ಕೆಂಪು ಮೊಡವೆ ಸಾಮಾನ್ಯವಾಗಿ 5 ಮಿಲಿಮೀಟರಿಗಿಂತ ಚಿಕ್ಕದು, ಅದಕ್ಕೆ 2.5 ಶೇಕಡಾ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ಹಚ್ಚಿ ಎಂಟು ವಾರ ಕಾದು ನೋಡಬಹುದು. ಅದಕ್ಕಿಂತ ದೊಡ್ಡದಾಗಿ, ಬಾಯಿಯೇ ಇಲ್ಲದೆ, ಒತ್ತಿದರೆ ಆಳದಲ್ಲಿ ನೋಯುವ ಗಟ್ಟಿ ಗಡ್ಡೆಯನ್ನು ನಾಡ್ಯೂಲ್ ಎಂದೂ, ಕೀವು ತುಂಬಿ ಮೆತ್ತಗಾದದ್ದನ್ನು ಸಿಸ್ಟ್ ಎಂದೂ ಕರೆಯುತ್ತಾರೆ. ಇವುಗಳ ಉರಿಯೂತ ಚರ್ಮದ ಒಳಪದರಕ್ಕೆ ಆಧಾರವಾದ ಕೊಲಾಜನ್ ಎಂಬ ನಾರನ್ನು ಹಾಳುಮಾಡಿ ಕುಳಿ ಉಳಿಸಬಹುದು, ಹೀಗಾಗಿ ಬರೀ ಜೆಲ್ ನಂಬಿ ಕಾಯುವುದು ತಪ್ಪು.

ಪಕ್ಕದ ಬೆಳಕಿನಲ್ಲಿ ನೆರಳು ಬೀಳದ ಚಪ್ಪಟೆ ಕಂದು ಗುರುತು ತಿಂಗಳುಗಳಲ್ಲಿ ಮಾಸುತ್ತದೆ. ನೆರಳು ಬೀಳುವ ಕುಳಿ ತಾನಾಗಿ ತುಂಬುವುದಿಲ್ಲ. ಅವನಿಗೆ ಗಡ್ಡೆಯೂ ಕುಳಿಯೂ ಎರಡೂ ಇದ್ದುದರಿಂದ, ಈ ವಾರವೇ ಚರ್ಮವೈದ್ಯರಿಗೆ ತೋರಿಸು, ಅಲ್ಲಿಯವರೆಗೆ ಉಗುರು ತಾಗಿಸಬೇಡ ಎಂದೆ.